ಎಂಟನೇ ಕಂತಿನಿಂದ ಹಿಂದಕ್ಕೆ

ಕಳೆದ ಡಿಸೆಂಬರಿನ ಎರಡನೇ ಸೋಮವಾರ, ಜೆ.ಪಿ. ನಗರದ ಮನೆಯೊಂದರ ಮೊದಲ ಮಹಡಿಯಲ್ಲಿ, ಎಂಟು ಕಂತುಗಳ ಕನ್ನಡ ವೆಬ್ ಸರಣಿಯೊಂದರ ಕತೆಯನ್ನು ಕಂತುಕಂತಾಗಿ ಒಡೆದು ಜೋಡಿಸುವ ಕೆಲಸ ಶುರುವಾಯಿತು. ಕೋಣೆಯಲ್ಲಿ ಇದ್ದವರು ಮೂವರು. ಸರಣಿಯ ಮುಖ್ಯ ಲೇಖಕಿ, ಬಿಟಿಎಂ ಲೇಔಟಿನ ಪಿ.ಜಿ.ಯಲ್ಲಿದ್ದುಕೊಂಡು ಹಿಂದೆ ಜಾಹೀರಾತು ಬರೆಯುತ್ತಿದ್ದ ಕಿರಿಯ ಲೇಖಕಿ, ಮತ್ತು ನಾನು. ಪತ್ರಿಕೆಯೊಂದರಲ್ಲಿ ಅಪರಾಧ ಮತ್ತು ಕೋರ್ಟು ವರದಿಗಳನ್ನು ನೋಡಿಕೊಳ್ಳುತ್ತಿದ್ದ ನನ್ನನ್ನು ಪೊಲೀಸ್ ಠಾಣೆಯ ದೃಶ್ಯಗಳು ಸುಳ್ಳಾಗಬಾರದು ಎಂಬ ಕಾರಣಕ್ಕೆ ಕರೆದಿದ್ದರು.

ಕತೆ ಮುಖ್ಯ ಲೇಖಕಿಯದು. ಬಿಟಿಎಂ ಕಡೆಯ ಹಳೇ ಊರಿನ ಮನೆತನದ ಒಬ್ಬ ಹೆಂಗಸು ತನ್ನ ಜಾಗದಲ್ಲಿ ನಾಲ್ಕು ಮಹಡಿ ಕಟ್ಟಿಸಿ ಹುಡುಗಿಯರ ಪಿ.ಜಿ. ನಡೆಸುತ್ತಾಳೆ. ಒಂದು ದಿನ ಎರಡನೇ ಮಹಡಿಯ ಹುಡುಗಿಯೊಬ್ಬಳು ಕಾಣೆಯಾಗುತ್ತಾಳೆ. ಪೊಲೀಸರು ಬಂದು ಸಿಸಿಟಿವಿ ಕೇಳಿದರೆ ಆ ರಾತ್ರಿಯ ದೃಶ್ಯವನ್ನು ಯಾರೋ ಅಳಿಸಿದ್ದಾರೆ. ಅಳಿಸಿದ್ದು ಆ ಹೆಂಗಸಿನ ತಮ್ಮ. ಅವನು ಆ ರಾತ್ರಿ ಡೆಲಿವರಿ ಹುಡುಗನೊಬ್ಬನಿಗೆ ಕಾರು ಗುದ್ದಿಸಿ, ಜಜ್ಜಿಹೋದ ಕಾರನ್ನು ಪಿ.ಜಿ.ಯ ನೆಲಮಾಳಿಗೆಗೆ ತಂದು ನಿಲ್ಲಿಸಿದ್ದ. ಹುಡುಗಿ ಅದನ್ನು ನೋಡಿಬಿಟ್ಟಿದ್ದಳು. ಹೆದರಿ ಓಡಿಹೋಗಿದ್ದಳು.

ಒಟಿಟಿ ವೇದಿಕೆಯವರು ಇಷ್ಟನ್ನು ಕೇಳಿ, ಮೊದಲ ಕಂತಿನ ಚಿತ್ರಕಥೆಯನ್ನು ಓದಿ ಒಪ್ಪಿದ್ದರು. ಅವರು ಮುಂದೆ ಕೇಳಿದ್ದು ಇಡೀ ಸೀಸನ್ನಿನ ವಿಂಗಡಣೆ. ಪ್ರತಿ ಕಂತಿಗೆ ಎರಡು ಪುಟ. ಏನಾಗುತ್ತದೆ, ಯಾರ ಕತೆ ಎಷ್ಟು ಮುಂದೆ ಹೋಗುತ್ತದೆ, ನೋಡುವವನು ಮುಂದಿನ ಕಂತಿನ ಬಟನ್ ಒತ್ತುವಂತೆ ಕೊನೆಯಲ್ಲಿ ಯಾವ ಕೊಕ್ಕೆ ಹಾಕಿದ್ದೀರಿ, ಆ ಕೊಕ್ಕೆಗಳೆಲ್ಲ ಎಂಟನೆಯದರಲ್ಲಿ ಹೇಗೆ ತೀರುತ್ತವೆ. ಇದು ಒಪ್ಪಿಗೆಯಾದರೆ ಉಳಿದ ಏಳು ಚಿತ್ರಕಥೆ ಬರೆಯಲು ಅಪ್ಪಣೆ. ಆಗದಿದ್ದರೆ ಅಲ್ಲಿಗೆ ಮುಗಿಯಿತು.

ಮುಖ್ಯ ಲೇಖಕಿ ಅಲ್ಲಿಯವರೆಗೆ ಬರೆದದ್ದೆಲ್ಲ ದಿನದ ಧಾರಾವಾಹಿ. ಬೇರೆಯವರ ಕತೆಗೆ ಸಂಭಾಷಣೆ, ಆಮೇಲೆ ಬೇರೆಯವರ ಕತೆಗೆ ಚಿತ್ರಕಥೆ. ಪರದೆಯ ಮೇಲೆ ‘ಕತೆ’ ಎಂಬಲ್ಲಿ ಅವರ ಹೆಸರು ಎಂದೂ ಬಂದಿರಲಿಲ್ಲ. ಅದೇ ತಿಂಗಳು ಚಾನೆಲ್ಲೊಂದು ಹೊಸ ಧಾರಾವಾಹಿಗೆ ಅವರನ್ನು ಕರೆದಿತ್ತು. ಅದನ್ನು ಒಪ್ಪಿದರೆ ವಾರಕ್ಕೆ ಆರು ಸಂಚಿಕೆ, ಬೇರೆ ಯಾವುದಕ್ಕೂ ಬಿಡುವಿಲ್ಲ. ಎರಡನ್ನೂ ಹಿಡಿದುಕೊಳ್ಳುವಂತಿರಲಿಲ್ಲ. ಮೊದಲ ದಿನವೇ ಇದನ್ನು ನಮಗೆ ಹೇಳಿದ್ದರು.

“ಇದು ಆಗ್ಲಿಲ್ಲ ಅಂದ್ರೆ ನಾನು ಮತ್ತೆ ಅತ್ತೆ ಸೊಸೆ ಜಗಳಕ್ಕೆ ಹೋಗ್ತೀನಿ ಸಾರ್. ಈ ಸಲ ಹೋದ್ರೆ ವಾಪಸ್ ಬರಲ್ಲ.”

“ನಿಮ್ಮ ಮನೇಲಿ ಅತ್ತೆ ಸೊಸೆ ಹೆಂಗೆ?” ಎಂದು ಕೇಳಿದೆ.

“ಸಖತ್ತಾಗಿದೀವಿ. ಅದಕ್ಕೇ ಅಷ್ಟು ಕಷ್ಟ ಬರೆಯೋದು.”

ಕೆಳಗಿನ ಮಹಡಿಯಲ್ಲಿ ದಂತವೈದ್ಯರ ಕ್ಲಿನಿಕ್ ಇತ್ತು. ಡ್ರಿಲ್ಲಿನ ಸದ್ದು ಬಂದಾಗಲೆಲ್ಲ ನಾವು ಮಾತು ನಿಲ್ಲಿಸಿ ಕಾಫಿ ತರಿಸುತ್ತಿದ್ದೆವು. ಗೋಡೆಗೆ ಉದ್ದದ ಮೆತ್ತನೆಯ ಬೋರ್ಡು. ಅದರ ಮೇಲೆ ಎಂಟು ಕಂಬಸಾಲು, ಸಾಲಿಗೊಂದು ಕಂತು. ಒಂದು ಕಾರ್ಡಿಗೆ ಒಂದು ಘಟನೆ. ಹುಡುಗಿಯ ಹುಡುಕಾಟಕ್ಕೆ ಹಳದಿ, ಅಕ್ಕ ತಮ್ಮನ ವಿಚಾರಕ್ಕೆ ನೀಲಿ, ಪೊಲೀಸರಿಗೆ ಬಿಳಿ. ಪ್ರತಿ ಸಾಲಿನ ಕೊನೆಗೆ ಕೆಂಪು ಕಾರ್ಡು, ಅದು ಕೊಕ್ಕೆ. ದೂರದಿಂದ ನೋಡಿದರೆ ಯಾವ ಕಂತಿನಲ್ಲಿ ಯಾರ ಕತೆ ಸೊರಗಿದೆ ಎಂದು ಬಣ್ಣದಲ್ಲೇ ತಿಳಿಯುತ್ತದೆ. ಮೊದಲ ವಾರದ ಕೊನೆಗೆ ಮೂರನೇ ಕಂತಿನಲ್ಲಿ ಒಂದೂ ನೀಲಿ ಇರಲಿಲ್ಲ. ಅಕ್ಕ ತಮ್ಮ ಇಬ್ಬರೂ ಆ ಕಂತಿಗೆ ರಜೆ ಹಾಕಿದ್ದರು.

ಮುಖ್ಯ ಲೇಖಕಿಗೆ ಕೆಂಪು ಕಾರ್ಡು ಬರೆಯುವುದೆಂದರೆ ನೀರು ಕುಡಿದಷ್ಟು ಸುಲಭ. ಧಾರಾವಾಹಿಯಲ್ಲಿ ಪ್ರತಿ ಸಂಚಿಕೆಯ ಕೊನೆಗೂ ಒಂದು ಮುಖ ಬೆಚ್ಚಿ ನಿಲ್ಲಬೇಕು, ಅದನ್ನು ಫ್ರೀಜ್ ಎನ್ನುತ್ತಾರೆ. ಅವರು ಎಷ್ಟು ಸಾವಿರ ಫ್ರೀಜ್ ಬರೆದಿದ್ದರೋ ಅವರಿಗೂ ನೆನಪಿರಲಿಲ್ಲ. ಮೂರೇ ದಿನದಲ್ಲಿ ಏಳು ಕೆಂಪು ಕಾರ್ಡು ಬೋರ್ಡಿನ ಮೇಲಿದ್ದವು. ಎರಡನೇ ಕಂತಿನ ಕೊಕ್ಕೆ ನಮ್ಮೆಲ್ಲರಿಗೂ ಇಷ್ಟವಾಗಿತ್ತು. ಅಕ್ಕ ಮಹಡಿಯ ಮೇಲೆ ಬಟ್ಟೆ ಎತ್ತಿಕೊಳ್ಳುತ್ತಿರುವಾಗ ನೀರಿನ ಟ್ಯಾಂಕಿನ ಕೆಳಗಿಂದ ಫೋನಿನ ರಿಂಗು ಕೇಳುತ್ತದೆ. ಕಾಣೆಯಾದ ಹುಡುಗಿಯ ಫೋನು.

ಎಂಟನೇ ಸಾಲಿನಲ್ಲಿ ಮಾತ್ರ ಒಂದೇ ಕಾರ್ಡು ಇತ್ತು. ಅದರ ಮೇಲೆ ಅವರ ದುಂಡನೆಯ ಅಕ್ಷರದಲ್ಲಿ ‘ಮಹಾಸಂಚಿಕೆ’ ಎಂದು ಬರೆದಿತ್ತು. ಅಷ್ಟೇ.

“ಅದರಲ್ಲಿ ಏನಾಗುತ್ತೆ?” ಎಂದು ಕೇಳಿದಾಗಲೆಲ್ಲ ಅವರು, “ಬರುತ್ತೆ ಸಾರ್, ಅಲ್ಲಿಗೆ ಹೋದಾಗ ಬರುತ್ತೆ” ಎನ್ನುತ್ತಿದ್ದರು.

ಎರಡನೇ ವಾರದ ಗುರುವಾರ ವೇದಿಕೆಯ ಕಂಟೆಂಟ್ ಅಧಿಕಾರಿ ಮುಂಬೈಯಿಂದ ವಿಡಿಯೋ ಕರೆಯಲ್ಲಿ ಬಂದರು. ಮೈಸೂರಿನಲ್ಲಿ ಓದಿದವರು, ಕನ್ನಡದಲ್ಲೇ ಮಾತು. ಮುಖ್ಯ ಲೇಖಕಿ ಏಳು ಕಂತನ್ನೂ ಬಾಯಲ್ಲಿ ಹೇಳಿದರು. ಚೆನ್ನಾಗಿ ಹೇಳಿದರು. ದನಿ ಏರಿಸಿ ಇಳಿಸಿ, ರಿಂಗಿನ ಜಾಗದಲ್ಲಿ ನಿಲ್ಲಿಸಿ. ಆ ಕಡೆಯವರು ಬರೆದುಕೊಳ್ಳುತ್ತಿದ್ದರು. ಏಳು ಮುಗಿದ ಮೇಲೆ ತಲೆಯೆತ್ತಿದರು.

“ಎಂಟು?”

“ಎಂಟನೇದ್ರ ಕೆಲಸ ನಡೀತಿದೆ ಮೇಡಂ.”

“ಎಂಟಿಲ್ಲದೆ ಈ ಏಳಕ್ಕೆ ನಾನು ಏನು ಹೇಳಲಿ? ಏಳು ಸಲ ಕಾಯಿಸ್ತೀರಿ. ಯಾಕೆ ಕಾದೆ ಅಂತ ನಂಗೆ ಗೊತ್ತಾಗ್ಬೇಕಲ್ವಾ?”

ಜನವರಿಯ ಮೊದಲ ಶುಕ್ರವಾರ ಮತ್ತೆ ಸೇರೋಣ, ಆಗ ಎಂಟೂ ಇರಬೇಕು, ಅದೇ ಕೊನೆಯ ಸುತ್ತು ಎಂದರು. ಚಾನೆಲ್ಲಿನವರು ಉತ್ತರಕ್ಕೆ ಕೊಟ್ಟಿದ್ದ ಗಡುವೂ ಅದೇ ಶುಕ್ರವಾರದ ಸಂಜೆಯಾಗಿತ್ತು.

ಕರೆ ಮುಗಿದ ಮೇಲೆ ಮುಖ್ಯ ಲೇಖಕಿ ಬೋರ್ಡಿನ ಮುಂದೆ ಹೋಗಿ ನಿಂತರು. ಕಿರಿಯ ಲೇಖಕಿ ನಿಪ್ಪಟ್ಟಿನ ಪೊಟ್ಟಣ ಬಿಚ್ಚಿ ಅವರ ಮುಂದೆ ಹಿಡಿದಳು.

“ಅಕ್ಕ, ತಗೊಳ್ಳಿ. ಬಯ್ದಿಲ್ಲ ಅವ್ರು. ಕೇಳಿದ್ದಾರೆ ಅಷ್ಟೇ.”

“ಒಂದು ವಿಷ್ಯ ಹೇಳ್ಲಾ ನಿಂಗೆ? ಇಷ್ಟು ವರ್ಷದಲ್ಲಿ ನಾನು ಒಂದೇ ಒಂದು ಕತೆ ಮುಗಿಸಿಲ್ಲ ಕಣೇ.”

ನನಗೆ ಅರ್ಥವಾಗಲಿಲ್ಲ. ಅವರು ವಿವರಿಸಿದರು. ಧಾರಾವಾಹಿಗೆ ಅಂತ್ಯ ಎಂಬುದನ್ನು ಯಾರೂ ಯೋಚಿಸಿಟ್ಟುಕೊಳ್ಳುವುದಿಲ್ಲ. ಗುರುವಾರ ಟಿಆರ್‌ಪಿ ಬರುತ್ತದೆ, ಚೆನ್ನಾಗಿದ್ದರೆ ಕತೆ ಬೆಳೆಯುತ್ತದೆ, ಇಲ್ಲದಿದ್ದರೆ ಟ್ರ್ಯಾಕ್ ಬದಲಾಗುತ್ತದೆ. ಒಂದು ದಿನ ಚಾನೆಲ್ಲಿನಿಂದ ಫೋನು, ಮುಂದಿನ ವಾರಕ್ಕೆ ಮುಗಿಸಿ ಎಂದು. ಆಗ ಕೋಮಾದಲ್ಲಿದ್ದವರು ಏಳುತ್ತಾರೆ, ಕೆಟ್ಟವರು ಕಾಲಿಗೆ ಬೀಳುತ್ತಾರೆ, ಎಲ್ಲರೂ ಸೇರಿ ಒಂದು ಪೂಜೆ ಮಾಡುತ್ತಾರೆ. ಅದು ಮುಗಿಸುವುದಲ್ಲ, ಅಂಗಡಿ ಬಾಗಿಲು ಹಾಕುವುದು, ಎಂದರು. ಹಾಗಾಗಿ ಅವರ ಕೈಗೆ ಮುಂದಿನ ಸಂಚಿಕೆಗೆ ತಳ್ಳುವುದು ಗೊತ್ತು, ತಲುಪುವುದು ಗೊತ್ತಿಲ್ಲ.

ಮಾರನೆಯ ದಿನ ಹನುಮಂತನಗರದ ಅವರ ಮನೆಯಲ್ಲಿ ಊಟ. ಅವರ ಅತ್ತೆ ನಡುಮನೆಯಲ್ಲಿ ಕುಳಿತು ಅವರೆಕಾಳು ಹಿತುಕುತ್ತಿದ್ದರು. ಅತ್ತೆಗೆ ಒಂದು ಸಲ ಕತೆ ಹೇಳಿ ನೋಡೋಣ ಎಂದು ಮುಖ್ಯ ಲೇಖಕಿಗೆ ಅನ್ನಿಸಿತು. ಮೊದಲ ಕಂತು ಹೇಳಿ ಮುಗಿಸಿದ್ದೇ ತಡ, ಅತ್ತೆ ಬೋಗುಣಿಯಿಂದ ತಲೆಯೆತ್ತದೆ ಹೇಳಿದರು.

“ತಮ್ಮನೇ.”

“ಅದ್ಹೇಗೆ ಗೊತ್ತಾಯ್ತು ಅತ್ತೆ?”

“ಕ್ಯಾಮೆರಾ ಪಾಸ್‌ವರ್ಡು ಮೂರು ಜನಕ್ಕೆ ಗೊತ್ತು ಅಂದೆ. ಅವಳು, ತಮ್ಮ, ಕ್ಯಾಮೆರಾ ಹಾಕಿದವನು. ಕ್ಯಾಮೆರಾದವನ್ನ ಕಳ್ಳ ಮಾಡಿದ್ರೆ ಯಾರು ನೋಡ್ತಾರೆ? ಅವನಿಗೆ ಸಂಬಂಧಾನೇ ಇಲ್ವಲ್ಲ. ಆಮೇಲೆ ಆ ಹುಡುಗಿ ಬಸುರಿ.”

“ಬಸುರಿ ಅಲ್ಲ ಅತ್ತೆ!”

“ಮತ್ಯಾಕೆ ಓಡಿಹೋದ್ಳು? ಸುಮ್ನಿರೇ, ನೀನೇ ಬರ್ದಿದೀಯ ಅಂಥವು ಹತ್ತು.”

ಕಿರಿಯ ಲೇಖಕಿ ನಗು ತಡೆಯಲಾಗದೆ ಅಡುಗೆಮನೆಗೆ ಎದ್ದುಹೋದಳು. ಹಿತಕಿದ ಬೇಳೆ ಸಾರು ಬಹಳ ಚೆನ್ನಾಗಿತ್ತು. ಊಟದ ಕೊನೆಗೆ ಮೂವರೂ ಒಪ್ಪಿಕೊಂಡೆವು: ಯಾರು ಅಳಿಸಿದರು ಎಂಬ ಪ್ರಶ್ನೆ ಎಂಟು ಕಂತು ಬಾಳುವುದಿಲ್ಲ. ಅದರ ಉತ್ತರವನ್ನು ಎಂಟನೆಯದಕ್ಕೆ ಇಟ್ಟುಕೊಂಡು ಕೂರುವುದರಲ್ಲಿ ಅರ್ಥವಿಲ್ಲ. ಹಾಗಾದರೆ ಎಂಟರಲ್ಲಿ ಏನು?

ಕ್ರಿಸ್‌ಮಸ್ ಕಳೆದ ಮೇಲಿನ ಸೋಮವಾರ ಮತ್ತೆ ಜೆ.ಪಿ. ನಗರದ ಕೋಣೆಯಲ್ಲಿ ಸೇರಿದಾಗ ನಾನು ಒಂದು ಸಲಹೆ ಕೊಟ್ಟೆ. ಅದರಲ್ಲಿ ಜಾಣತನವೇನೂ ಇರಲಿಲ್ಲ, ನನಗೆ ಗೊತ್ತಿದ್ದ ಕೆಲಸವೇ ಅದು. ಪತ್ರಿಕೆಯಲ್ಲಿ ಕೊನೆಗೆ ಆದದ್ದನ್ನು ಮೊದಲು ಬರೆಯುತ್ತೇವೆ. ಎಂಟನೇ ಕಂತು ಮುಗಿದ ಮಾರನೆಯ ಬೆಳಿಗ್ಗೆ ಈ ಪ್ರಕರಣ ಪತ್ರಿಕೆಯಲ್ಲಿ ಬಂದರೆ ಆ ವರದಿ ಹೇಗಿರುತ್ತದೆ? ಅದನ್ನು ಬರೆಯೋಣ, ಅಲ್ಲಿಂದ ಹಿಂದಕ್ಕೆ ಬರೋಣ.

“ಸಿನಿಮಾ ಶೈಲಿಲಿ ಬೇಡ್ವಾ ಸಾರ್?”

“ಬೇಡ. ಏನಾಯ್ತು, ಯಾರು, ಎಲ್ಲಿ. ಅಷ್ಟೇ.”

ನಾನು ಹಾಳೆ ತೆಗೆದುಕೊಂಡೆ, ಅವರು ಹೇಳಿದರು. ಮೊದಲ ವಾಕ್ಯಕ್ಕೆ ಬಹಳ ಹೊತ್ತು ಹಿಡಿಯಿತು. ‘ತಮ್ಮನ ಬಂಧನ’ ಎಂದು ಮೊದಲು ಹೇಳಿದರು. ದಿನಕ್ಕೆ ಹತ್ತು ಬಂಧನ ಆಗುತ್ತವೆ, ಇದು ಒಳಪುಟದ ಒಂದು ಕಾಲಂ ಸುದ್ದಿ ಎಂದೆ. ಅವರಿಗೆ ಸ್ವಲ್ಪ ಸಿಟ್ಟು ಬಂತು. ಕಾಲು ಮಡಚಿಕೊಂಡು ಕುರ್ಚಿಯಲ್ಲೇ ಕುಳಿತು ಯೋಚಿಸಿ, “ಸರಿ, ಅಕ್ಕಾನೇ ಹಿಡ್ಕೊಡ್ತಾಳೆ. ಬರ್ಕೊಳ್ಳಿ” ಎಂದರು.

ನಾನು ಬರೆದುಕೊಂಡೆ. ‘ಡೆಲಿವರಿ ಯುವಕನ ಸಾವಿಗೆ ಕಾರಣವಾದ ಅಪಘಾತ ಪ್ರಕರಣದಲ್ಲಿ ಪಿ.ಜಿ. ಮಾಲೀಕರಾದ ಮಹಿಳೆಯೊಬ್ಬರು ಸ್ವಂತ ತಮ್ಮನ ವಿರುದ್ಧ ಪೊಲೀಸರಿಗೆ ಹೇಳಿಕೆ ನೀಡಿದ್ದಾರೆ.’ ಬರೆಯುವಾಗ ಯುವಕ ಸತ್ತಿದ್ದಾನೆ ಎಂಬುದೂ ತೀರ್ಮಾನವಾಯಿತು. ಅದುವರೆಗೆ ಅವನು ಕತೆಯಲ್ಲಿ ಬರೀ ಗಾಯಗೊಂಡು ಬಿದ್ದಿದ್ದ.

ಮುಂದಿನದು ಪತ್ರಿಕೆಯ ಡೆಸ್ಕಿನಲ್ಲಿ ಯಾರಾದರೂ ಕೇಳುವ ಪ್ರಶ್ನೆ. ಹೇಳಿಕೆ ಕೊಟ್ಟಳು ಸರಿ, ಆಕೆಗೆ ಅದು ಹೇಗೆ ಗೊತ್ತು?

“ತಮ್ಮ ಹೇಳ್ದ” ಎಂದರು ಮುಖ್ಯ ಲೇಖಕಿ.

“ತಮ್ಮ ಹೇಳಿದ್ದು ಅಂತ ಅಕ್ಕ ಹೇಳಿದ್ರೆ ಅದು ಕೋರ್ಟಲ್ಲಿ ಅಷ್ಟು ನಿಲ್ಲಲ್ಲ ಮೇಡಂ. ಅವಳು ಕಣ್ಣಾರೆ ಏನು ನೋಡಿದ್ಳು?”

“ಕಾರು ನೋಡಿದ್ಳು.”

“ಯಾವಾಗ?”

“ಆ ರಾತ್ರೀನೇ.”

“ಹಾಗಾದ್ರೆ ಏಳು ಎಪಿಸೋಡು ಸುಮ್ನಿದ್ದದ್ದು ಯಾಕೆ?”

ಕೆಳಗೆ ಡ್ರಿಲ್ಲು ಶುರುವಾಯಿತು. ಎಂದಿನಂತೆ ಮಾತು ನಿಂತಿತು. ಕಿರಿಯ ಲೇಖಕಿ ಕಾಫಿ ತರಿಸಲು ಫೋನು ಕೈಗೆತ್ತಿಕೊಂಡಳು. ಡ್ರಿಲ್ಲು ನಿಲ್ಲುವ ಮೊದಲೇ ಮುಖ್ಯ ಲೇಖಕಿ ಆ ಸದ್ದಿನ ಮೇಲೆ ಕೂಗಿ ಹೇಳಿದರು.

“ಅವಳೇ ಅಳಿಸಿದ್ಳು ಸಾರ್! ತಮ್ಮ ಅಲ್ಲ. ಕ್ಯಾಮೆರಾದಲ್ಲಿ ಕಾರು ಬಂದದ್ದು ನೋಡಿ, ಅಕ್ಕಾನೇ ಅಳಿಸಿದ್ಳು!”

ಕೆಳಗೆ ಬಾಯಿ ತೆರೆದುಕೊಂಡು ಮಲಗಿದ್ದ ರೋಗಿಗೂ ಅದು ಕೇಳಿಸಿರಬೇಕು.

ಎರಡನೇ ಪ್ಯಾರಾ ತಾನಾಗಿ ಬಂತು. ಸಿಸಿಟಿವಿ ದೃಶ್ಯ ಅಳಿಸಿದ್ದು ತಾನೇ ಎಂದು ಆಕೆ ಒಪ್ಪಿಕೊಂಡಿದ್ದಾಳೆ. ಅದು ಸಾಕ್ಷ್ಯನಾಶ, ಹಾಗಾಗಿ ತಮ್ಮನ ಜೊತೆ ಅಕ್ಕನ ಮೇಲೂ ಪ್ರಕರಣ ದಾಖಲಾಗುತ್ತದೆ ಎಂದು ನಾನು ಹೇಳಿದೆ. ತಮ್ಮನನ್ನು ಹಿಡಿದುಕೊಡಬೇಕಾದರೆ ತಾನೂ ಆರೋಪಿಯಾಗಬೇಕು. ಮುಖ್ಯ ಲೇಖಕಿ ‘ಮಹಾಸಂಚಿಕೆ’ ಕಾರ್ಡನ್ನು ಕಿತ್ತು, ಹೊಸ ಕಾರ್ಡಿನ ಮೇಲೆ ‘ಅಕ್ಕ ಠಾಣೆಗೆ ಹೋಗುತ್ತಾಳೆ. ಒಬ್ಬಳೇ’ ಎಂದು ಬರೆದು ಚುಚ್ಚಿದರು.

ಆಮೇಲೆ ಬಂದ ಜಗಳ, ಈ ಸತ್ಯವನ್ನು ನೋಡುವವನಿಗೆ ಯಾವಾಗ ಹೇಳುವುದು ಎಂಬುದು. ಮುಖ್ಯ ಲೇಖಕಿಗೆ ಅದು ಎಂಟರಲ್ಲೇ ಬೇಕು. ಅಷ್ಟು ದೊಡ್ಡ ತಿರುವನ್ನು ಕೊನೆಗಲ್ಲದೆ ಎಲ್ಲಿ ಹಾಕುವುದು? ಕಿರಿಯ ಲೇಖಕಿ ಎದ್ದುಹೋಗಿ ಮೊದಲ ಕಂತಿನ ಒಂದು ಹಳದಿ ಕಾರ್ಡಿನ ಮೇಲೆ ಬೆರಳಿಟ್ಟಳು. ಅಕ್ಕ ರೂಮಿನಲ್ಲಿ ಒಬ್ಬಳೇ ಕುಳಿತು ರೆಕಾರ್ಡಿಂಗನ್ನು ಹಿಂದೆ ಮುಂದೆ ಓಡಿಸಿ ಹುಡುಕುವ ದೃಶ್ಯ.

“ಇಲ್ಲಿ ಯಾರೂ ಇಲ್ಲ ಅಕ್ಕ. ಅವಳೇ ಅಳಿಸಿದ್ರೆ ಇಲ್ಲಿ ಹುಡುಕೋ ನಾಟಕ ಯಾರಿಗೆ?”

“ಆಡಿಯೆನ್ಸ್‌ಗೆ.”

“ಅದೇ ಮೋಸ. ಸೀರಿಯಲ್ ಬುದ್ಧಿ.”

“ಏ! ಆ ಸೀರಿಯಲ್ ಬುದ್ಧಿನೇ ನಂಗೆ ಊಟ ಹಾಕಿರೋದು ಕಣೇ.”

“ಹಾಕ್ಲಿ ಬಿಡಿ. ಸೀನ್ ತೆಗೀತೀರೋ ಇಲ್ವೋ?”

ಸೀನ್ ತೆಗೆದರು. ಅದರ ಬದಲು ಅಕ್ಕ ಪೊಲೀಸರ ಎದುರು ಮಾತ್ರ ಹುಡುಕುವಂತೆ ಮಾಡಿದರು, ಆಗ ಎರಡನೇ ಸಲ ನೋಡಿದವನಿಗೂ ಸುಳ್ಳೆನ್ನಿಸುವುದಿಲ್ಲ. ಅಕ್ಕನೇ ಅಳಿಸಿದ್ದು ಎಂಬುದು ನಾಲ್ಕನೇ ಕಂತಿನ ಕೊನೆಗೆ ಹೋಯಿತು. ಮೊದಲ ನಾಲ್ಕರಲ್ಲಿ ನೋಡುವವನು ತಮ್ಮನೇ ಅಳಿಸಿದ್ದು ಎಂದುಕೊಂಡು ತಾನು ಜಾಣ ಎಂದು ಬೀಗಲಿ. ನಾಲ್ಕರ ಕೊನೆಗೆ ಅವನ ಊಹೆ ತಪ್ಪಲಿ. ಅಲ್ಲಿಂದ ಪ್ರಶ್ನೆಯೇ ಬದಲಾಗುತ್ತದೆ. ಯಾರು ಮಾಡಿದರು ಎಂಬುದು ಮುಗಿದು, ಇವಳು ಬಾಯಿ ಬಿಡುತ್ತಾಳೋ ಇಲ್ಲವೋ ಎಂಬುದು ಶುರುವಾಗುತ್ತದೆ.

ಮಧ್ಯಾಹ್ನ ಹೊರಗೆ ಹೋಗಿ ಊಟ ಮುಗಿಸಿ ಬಂದು ಲೆಕ್ಕ ತಪಾಸಣೆಗೆ ಕುಳಿತೆವು. ಪ್ರತಿ ಕೆಂಪು ಕಾರ್ಡೂ ಒಂದು ಪ್ರಶ್ನೆ ಎಬ್ಬಿಸುತ್ತದೆ. ಅದರ ಉತ್ತರ ಯಾವ ಕಂತಿನಲ್ಲಿದೆಯೋ ಆ ಸಂಖ್ಯೆಯನ್ನು ಕಾರ್ಡಿನ ಮೂಲೆಯಲ್ಲಿ ಬರೆಯಬೇಕು. ಉತ್ತರವಿಲ್ಲದ ಕೊಕ್ಕೆ ನಿಲ್ಲುವಂತಿಲ್ಲ. ಯಾರು ಅಳಿಸಿದರು ಎಂಬ ಮೊದಲ ಕಂತಿನ ಕೊಕ್ಕೆಗೆ ನಾಲ್ಕು ಎಂದು ಬರೆದರು. ಎರಡನೆಯದರ ಮುಂದೆ ಪೆನ್ನು ನಿಂತಿತು.

“ಫೋನು ಟ್ಯಾಂಕಿನ ಕೆಳಗೆ ಯಾಕಿತ್ತು?” ಎಂದೆ.

“ಹುಡುಗಿ ಬಚ್ಚಿಟ್ಟಿದ್ಳು.”

“ಯಾಕೆ?”

ಮುಖ್ಯ ಲೇಖಕಿ ಕಾರ್ಡನ್ನೇ ನೋಡಿದರು. “ಎಪಿಸೋಡು ಮುಗೀಬೇಕಿತ್ತಲ್ಲ ಸಾರ್, ಅದಕ್ಕೆ.”

“ಎರಡು ದಿನ ಆದ್ಮೇಲೂ ರಿಂಗ್ ಆಗುತ್ತೆ ಬೇರೆ” ಎಂದಳು ಕಿರಿಯ ಲೇಖಕಿ. “ಯಾವ ಕಂಪನಿ ಫೋನ್ ಅಕ್ಕ? ನಂಗೂ ಒಂದು ಕೊಡ್ಸಿ. ನಂದು ಮಧ್ಯಾಹ್ನಕ್ಕೇ ಪ್ರಾಣ ಬಿಡುತ್ತೆ.”

ನಮಗೆಲ್ಲ ಇಷ್ಟವಾಗಿದ್ದ ಕೊಕ್ಕೆಯೇ ಉತ್ತರವಿಲ್ಲದ್ದು. ಮುಖ್ಯ ಲೇಖಕಿ ಅದನ್ನು ಉಳಿಸಿಕೊಳ್ಳಲು ಒಂದು ಗಂಟೆ ಹೆಣಗಿದರು. ಅಕ್ಕ ಬಚ್ಚಿಟ್ಟಿದ್ದು ಎಂದರು, ಹಾಗಾದರೆ ಅವಳು ಸ್ವಿಚ್ ಆಫ್ ಮಾಡುತ್ತಿದ್ದಳು. ತಮ್ಮ ಇಟ್ಟದ್ದು ಎಂದರು, ತಮ್ಮನ ಕೈಗೆ ಫೋನು ಬರಬೇಕಾದರೆ ಹುಡುಗಿಗೆ ಏನೋ ಆಗಿರಬೇಕು, ಅದು ಬೇರೆಯೇ ಕತೆ. ಕೊನೆಗೆ ಅವರೇ ಗುಂಡುಪಿನ್ನು ಕಿತ್ತರು.

“ಹೋಗ್ಲಿ. ಒಳ್ಳೇ ರಿಂಗ್ ಟೋನ್ ಯೋಚ್ನೆ ಮಾಡಿಟ್ಟಿದ್ದೆ.”

ಆ ಜಾಗಕ್ಕೆ ಬಂದದ್ದು ಕಿರಿಯ ಲೇಖಕಿಯ ಪಿ.ಜಿ.ಯ ಪದ್ಧತಿ. ಅವಳಿದ್ದಲ್ಲಿ ಗೇಟಿನ ಪಕ್ಕ ಒಂದು ಹೆಬ್ಬೆಟ್ಟಿನ ಯಂತ್ರ. ಒಳಗೆ ಬರುವಾಗಲೂ ಹೊರಗೆ ಹೋಗುವಾಗಲೂ ಒತ್ತಬೇಕು, ಊರಲ್ಲಿರುವ ಅಪ್ಪನ ಫೋನಿಗೆ ಸಂದೇಶ ಹೋಗುತ್ತದೆ. ಸ್ನೇಹಿತೆಯರೊಡನೆ ಸಿನಿಮಾಕ್ಕೆ ಹೋದ ರಾತ್ರಿಗಳಲ್ಲಿ ಅಪ್ಪನಿಗೆ ಏನೇನು ಸಮಜಾಯಿಷಿ ಹೇಳಬೇಕಾಗುತ್ತದೆ ಎಂದು ಅಭಿನಯಿಸಿ ತೋರಿಸಿದಳು. ನಮ್ಮ ಕತೆಯ ಯಂತ್ರ ಯಾರಿಗೂ ಸಂದೇಶ ಕಳಿಸುವುದಿಲ್ಲ, ದಾಖಲೆ ಮಾತ್ರ ಇಡುತ್ತದೆ ಎಂದುಕೊಂಡೆವು. ಕ್ಯಾಮೆರಾ ಬೇರೆ, ಆ ಯಂತ್ರ ಬೇರೆ. ಅಕ್ಕ ಒಂದನ್ನು ಅಳಿಸಿ ಇನ್ನೊಂದನ್ನು ಮರೆತಿರಬಹುದು. ಎರಡನೇ ಕಂತಿನ ಕೊನೆಗೆ ಪೊಲೀಸರು ಯಂತ್ರದ ದಾಖಲೆ ತೆಗೆಯುತ್ತಾರೆ. ಕಾಣೆಯಾದ ಹುಡುಗಿ ಬೆಳಗಿನ ಜಾವ ತಾನೇ ಹೆಬ್ಬೆಟ್ಟು ಒತ್ತಿ ಹೊರಗೆ ಹೋಗಿದ್ದಾಳೆ. ಯಾರೂ ಅವಳನ್ನು ಎತ್ತಿಕೊಂಡು ಹೋಗಿಲ್ಲ. ಹಾಗಾದರೆ ಯಾಕೆ ಹೋದಳು? ಉತ್ತರ ಐದರಲ್ಲಿ. ಮೂಲೆಯಲ್ಲಿ ಐದು ಬಿತ್ತು.

ರಿಂಗಿನಷ್ಟು ಸದ್ದಿಲ್ಲದ ಕೊಕ್ಕೆ ಅದು. ಆದರೆ ಹುಡುಗಿ ಬದುಕಿದ್ದಾಳೆ ಎಂದು ತಿಳಿದೂ ಆತಂಕ ಹೆಚ್ಚುವುದು ನಮ್ಮ ಮೂವರಿಗೂ ಹಿಡಿಸಿತು. ಆರನೆಯದರ ಕೊನೆಗೆ ಡೆಲಿವರಿ ಯುವಕ ಆಸ್ಪತ್ರೆಯಲ್ಲಿ ಸಾಯುತ್ತಾನೆ. ಏಳನೆಯದರ ಕೊನೆಗೆ ಹುಡುಗಿ ಪಿ.ಜಿ.ಯ ಗೇಟಿಗೆ ಮರಳಿ ಬಂದು, ನಾಳೆ ತಾನೇ ಠಾಣೆಗೆ ಹೋಗುತ್ತೇನೆ ಎನ್ನುತ್ತಾಳೆ. ಅವಳನ್ನು ಹೋಗಲು ಬಿಟ್ಟರೆ, ತಮ್ಮ ಸಿಕ್ಕಿಬಿದ್ದರೂ ಅಕ್ಕ ತಾನಾಗಿ ಅವನಿಗೆ ಎರಡು ಬಗೆಯಲಿಲ್ಲ ಎಂದಾಗುತ್ತದೆ. ತಡೆದರೆ ಇನ್ನೊಂದು ಅಪರಾಧ. ತಾನು ಮೊದಲು ಹೋದರೆ ಎಂಟನೇ ಕಂತು.

ಉಳಿದ ಮೂರು ದಿನ ನಾನು ಔಟ್‌ಲೈನ್ ಬರೆದೆ, ಅವರು ತಿದ್ದಿದರು. ನನ್ನ ಪ್ರತಿ ಕಂತೂ ಮೊದಲ ಸಾಲಿನಲ್ಲೇ ಎಲ್ಲವನ್ನೂ ಹೇಳಿಬಿಡುತ್ತಿತ್ತು. “ಸಾರ್, ಇದು ಪೇಪರ್ ಅಲ್ಲ, ಸ್ವಲ್ಪ ಹೊಟ್ಟೇಲಿಟ್ಕೊಳ್ಳಿ” ಎಂದು ಅವರು ನನ್ನ ಮೊದಲ ಸಾಲನ್ನು ಎತ್ತಿ ಕೊನೆಗೆ ಹಾಕುತ್ತಿದ್ದರು. ಬಹುತೇಕ ಅಷ್ಟೇ ತಿದ್ದುಪಡಿ. ಹೊಸ ವರ್ಷದ ದಿನ ರಜೆ ಮಾಡದೆ ಮಧ್ಯಾಹ್ನದವರೆಗೆ ಕುಳಿತೆವು, ಆಮೇಲೆ ಅವರ ಅತ್ತೆ ಕೊಟ್ಟು ಕಳಿಸಿದ್ದ ಒಬ್ಬಟ್ಟು ತಿಂದು ಮನೆಗೆ ಹೋದೆವು. ನಾನು ಜಯನಗರದವರೆಗೆ ನಡೆದೇ ಹೋದೆ. ಬಿಸಿಲು ಹಿತವಾಗಿತ್ತು.

ಶುಕ್ರವಾರ ಮಧ್ಯಾಹ್ನ ಕಂಟೆಂಟ್ ಅಧಿಕಾರಿ ಎಂಟನ್ನೂ ಕೇಳಿದರು. ನಾಲ್ಕನೆಯದರ ಕೊನೆಗೆ ಬಂದಾಗ ಬರೆದುಕೊಳ್ಳುವುದನ್ನು ನಿಲ್ಲಿಸಿದರು. ನಾನು ಅದನ್ನು ಗಮನಿಸಿದೆ, ಅದರ ಅರ್ಥವೇನೆಂದು ಊಹಿಸಲಿಲ್ಲ. ಎಂಟನೆಯದು ಹೇಳುವಾಗ ಮುಖ್ಯ ಲೇಖಕಿ ದನಿ ಏರಿಸಲಿಲ್ಲ. ಅಕ್ಕ ಹೊರಡುವ ಮುನ್ನ ತಮ್ಮನಿಗೆ ತಿಂಡಿ ಬಡಿಸುತ್ತಾಳೆ. ಠಾಣೆಯಲ್ಲಿ ಹೇಳಿಕೆ ಬರೆಸುತ್ತಾಳೆ. ಓದಿ ಹೇಳಿದ್ದನ್ನು ಕೇಳಿಸಿಕೊಂಡು ಸಹಿ ಹಾಕುತ್ತಾಳೆ. ಅಲ್ಲಿಗೆ ಮುಗಿಯುತ್ತದೆ.

“ಕೊನೇ ಶಾಟಲ್ಲಿ ಒಂದು ಹುಕ್ ಹಾಕ್ಬಹುದಲ್ವಾ?” ಎಂದು ಕೇಳಿದರು ಅಧಿಕಾರಿ. “ಸೆಕೆಂಡ್ ಸೀಸನ್‌ಗೆ. ಯಾರೋ ಅವಳನ್ನ ದೂರದಿಂದ ನೋಡ್ತಿದ್ದಾರೆ, ಆ ಥರ ಏನಾದ್ರೂ.”

ಮುಖ್ಯ ಲೇಖಕಿಗೆ ಅಂಥ ಶಾಟು ನಿದ್ದೆಯಲ್ಲೂ ಬರೆಯಲು ಬರುತ್ತದೆ. ಕಿರಿಯ ಲೇಖಕಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

“ಬೇಡ ಮೇಡಂ” ಎಂದರು ಮುಖ್ಯ ಲೇಖಕಿ. “ಇಷ್ಟು ಹೊತ್ತು ಅವಳು ಹೇಳ್ತಾಳಾ ಇಲ್ವಾ ಅಂತ ಕಾಯ್ಸಿದೀವಿ. ಹೇಳಿದ್ಳು. ಅಲ್ಲೇ ಬಿಟ್ಬಿಡೋಣ.”

“ಸೀಸನ್ ಎರಡು ಅಂತ ಮೇಲಿನವರು ಕೇಳ್ತಾರೆ.”

“ಕೇಸು ಕೋರ್ಟಿಗೆ ಹೋಗುತ್ತಲ್ಲ ಮೇಡಂ” ಎಂದೆ ನಾನು. “ಅಕ್ಕ ಆರೋಪಿ, ಹುಡುಗಿ ಸಾಕ್ಷಿ. ಅದು ತೆರೆದೇ ಇದೆ. ಅದಕ್ಕೆ ಬೇರೆ ಯಾರೂ ದೂರದಿಂದ ನೋಡ್ಬೇಕಾಗಿಲ್ಲ.”

ಅಧಿಕಾರಿ ನಕ್ಕರು. ಹೌದು ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಪುಟಗಳನ್ನು ಮೇಲಕ್ಕೆ ಕಳಿಸುತ್ತೇನೆ, ಮುಂದಿನ ವಾರ ತಿಳಿಸುತ್ತೇನೆ ಎಂದು ಕರೆ ಮುಗಿಸಿದರು.

ಚಾನೆಲ್ಲಿಗೆ ಮಾತ್ರ ಆ ಸಂಜೆಯೇ ಉತ್ತರ ಕೊಡಬೇಕಿತ್ತು. ಎರಡು ದಿನ ಹೆಚ್ಚು ಕೇಳಿ ನೋಡಿ ಎಂದೆ. ಕೇಳಿದರೆ ಕೊಡುತ್ತಾರೆ, ಆಮೇಲೆ ಇನ್ನೆರಡು ದಿನ ಕೇಳುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು ಎಂದು ಅವರು ಬಾಲ್ಕನಿಗೆ ಹೋಗಿ ಫೋನು ಮಾಡಿದರು. ಬಾಗಿಲು ತೆರೆದೇ ಇತ್ತು.

“ನಮಸ್ಕಾರ ಸಾರ್… ಇಲ್ಲ ಸಾರ್, ಈ ಸಲ ಆಗಲ್ಲ… ಅಯ್ಯೋ, ದುಡ್ಡಿನ ಪ್ರಶ್ನೆ ಅಲ್ಲ… ಒಂದು ಕತೆ ಮುಗಿಸ್ದೆ ಸಾರ್. ಇನ್ನೊಂದು ಸಲ ಬರೀಬೇಕು ಅದನ್ನ… ಹ್ಞೂಂ, ನಿಮ್ಮ ಸೀರಿಯಲ್ ಸೊಸೆಗೆ ನನ್ನ ಶುಭಾಶಯ ಹೇಳಿ.”

ಒಳಗೆ ಬಂದು ಬೈ ಟು ಕಾಫಿ ಯಾರಿಗೆ ಬೇಕು ಎಂದು ಕೇಳಿದರು. ಕಿರಿಯ ಲೇಖಕಿ, ಇವತ್ತು ಬೈ ಟು ಇಲ್ಲ, ಎಲ್ಲರಿಗೂ ಪೂರ್ತಿ ಕಾಫಿ ಎಂದಳು.

ಮುಂದಿನ ಬುಧವಾರ ಬೆಳಿಗ್ಗೆ ವೇದಿಕೆಯಿಂದ ಮೇಲ್ ಬಂತು. ಏಳು ಚಿತ್ರಕಥೆ ಬರೆಯಲು ಅಪ್ಪಣೆ. ಜೊತೆಗೆ ಮೂರು ಟಿಪ್ಪಣಿ: ಮೂರನೇ ಕಂತು ಇನ್ನೂ ನಿಧಾನ, ತಮ್ಮನ ಕೆಲಸ ಏನೆಂದು ಸ್ಪಷ್ಟವಾಗಿಲ್ಲ, ಕೊನೆಯ ಶಾಟು ಇದ್ದಂತೆಯೇ ಇರಲಿ. ಮುಖ್ಯ ಲೇಖಕಿ ಅದನ್ನು ನಮ್ಮ ಗುಂಪಿಗೆ ಕಳಿಸಿ, ಕೆಳಗೆ ‘ಅತ್ತೆ ಕೇಳ್ತಿದಾರೆ, ಹುಡುಗಿ ಬಸುರಿ ತಾನೇ?’ ಎಂದು ಬರೆದಿದ್ದರು.

ಚಿತ್ರಕಥೆಗಳಲ್ಲಿ ಮೊದಲು ಬರೆದದ್ದು ಎಂಟನೆಯದನ್ನು. ಅದನ್ನು ಮುಖ್ಯ ಲೇಖಕಿಯೇ ಬರೆದರು. ಈ ತಿಂಗಳ ಮೊದಲ ವಾರಕ್ಕೆ ಆರು ಕಂತುಗಳ ಕರಡು ಮುಗಿದಿದೆ. ಮೂರನೆಯದು ಕಿರಿಯ ಲೇಖಕಿಯ ಬಳಿ ಇದೆ. ಚಿತ್ರೀಕರಣಕ್ಕೆ ಬೇಗೂರಿನಲ್ಲಿ ಒಂದು ನಾಲ್ಕು ಮಹಡಿಯ ಕಟ್ಟಡ ನೋಡಿದ್ದಾರೆ. ಬಿಡುಗಡೆಯ ದಿನಾಂಕ ಗೊತ್ತಾಗಿಲ್ಲ.